ಪಾರ್ಟಿಷನ್ ಗೋಡೆಗೆ ಎಎಸಿ ಬ್ಲಾಕ್: ಎಷ್ಟು ಬೇಕು, ಅಂಟು ಎಷ್ಟು, ಇಟ್ಟಿಗೆಯಾದರೆ ಎಷ್ಟು?

ಕುಮಟಾ ಕಡೆಯ ಒಂದು ಮನೆ ಅಂದುಕೊಳ್ಳಿ. ಸುತ್ತ ಚಿರೆಕಲ್ಲಿನ ಗೋಡೆ. ಮಹಡಿಯ ಹಾಲ್ ನಡುವೆ ಗೋಡೆ ಎಬ್ಬಿಸಿ ಎರಡು ರೂಮು ಮಾಡಬೇಕು. ಗೋಡೆ 12 ಅಡಿ ಉದ್ದ, 10 ಅಡಿ ಎತ್ತರ, ಒಂದು ತುದಿಗೆ 3 ಅಡಿ ಅಗಲ 7 ಅಡಿ ಎತ್ತರದ ಬಾಗಿಲು. ಕೆಳಗಡೆ ಬೀಮ್ ಇಲ್ಲ, ಬರೀ ಸ್ಲ್ಯಾಬು. ನಮ್ಮ ಕಡೆ ಎಎಸಿ ಬ್ಲಾಕಿನ, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕಿನ ಮಾತು ಬರುವುದು ಹೆಚ್ಚಾಗಿ ಇಂಥ ಜಾಗದಲ್ಲೇ, ಅಲ್ವಾ?

ಮೊದಲು ಭಾರ ನೋಡಿ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಕಟ್ಟಿದರೆ ಪ್ಲಾಸ್ಟರ್ ಬಿಟ್ಟೇ ಸುಮಾರು 1900 ಕೆಜಿ ಸ್ಲ್ಯಾಬಿನ ಮೇಲೆ ಕೂರುತ್ತದೆ. 4 ಇಂಚಿನ ಬ್ಲಾಕ್ ಗೋಡೆ ಏಳೆಂಟು ನೂರು ಕೆಜಿ, ಅಷ್ಟೇ. ಹಗುರ ಎಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಕಟ್ಟಬಹುದು ಅಂತಲ್ಲ. ಬೀಮ್ ಇಲ್ಲದ ಕಡೆ ಗೋಡೆ ಬರುವುದಾದರೆ ಸ್ಲ್ಯಾಬ್ ಲೆಕ್ಕ ಮಾಡಿದ ಎಂಜಿನಿಯರ್ ಹತ್ತಿರ ಕೇಳಿಯೇ ಮುಂದುವರಿಯಿರಿ.

ಬ್ಲಾಕಿನ ಲೆಕ್ಕ

ಗೋಡೆ 120 ಚದರ ಅಡಿ, ಬಾಗಿಲಿನ 21 ಕಳೆದರೆ 99. ಸಾಮಾನ್ಯವಾಗಿ ಸಿಗುವ ಬ್ಲಾಕು 600 ಮಿಮೀ ಉದ್ದ, 200 ಮಿಮೀ ಎತ್ತರ, 100 ಮಿಮೀ ದಪ್ಪ. ಗಾರೆಯ ಬದಲು ಬಳಿಯುವ ಅಂಟಿನ 3 ಮಿಮೀ ಸಂದಿಯನ್ನು ಸುತ್ತ ಸೇರಿಸಿದರೆ ಒಂದು ಬ್ಲಾಕು 1.32 ಚದರ ಅಡಿ ಗೋಡೆ ಮುಚ್ಚುತ್ತದೆ. 99ನ್ನು 1.32ರಿಂದ ಭಾಗಿಸಿದರೆ 75.

ಇದರಲ್ಲಿ ಇನ್ನೂ ಒಂದು ಕಳೆಯುವುದಿದೆ. 4 ಇಂಚಿನ ತೆಳು ಗೋಡೆಯನ್ನು ನೆಲದಿಂದ ಸ್ಲ್ಯಾಬಿನವರೆಗೆ ಬರೀ ಬ್ಲಾಕಿನಲ್ಲೇ ಏರಿಸಬಾರದು. ಸುಮಾರು ಒಂದು ಮೀಟರಿಗೊಮ್ಮೆ 4 ಇಂಚು ಎತ್ತರದ ಆರ್‌ಸಿಸಿ ಪಟ್ಟಿ, ಒಳಗೆ 8 ಮಿಮೀ ಸರಳು ಎರಡು. ನಮ್ಮ ಗೋಡೆಗೆ ಎರಡು ಪಟ್ಟಿ: ಒಂದು ಸೊಂಟದ ಎತ್ತರಕ್ಕೆ, ಇನ್ನೊಂದು ಬಾಗಿಲಿನ ಮೇಲಿಂದ ಪೂರ್ತಿ ಉದ್ದಕ್ಕೆ, ಅದೇ ಲಿಂಟೆಲ್ ಕೂಡ ಆಗುತ್ತದೆ. ಇವೆರಡೂ ಸೇರಿ 7 ಚದರ ಅಡಿ ತಿನ್ನುತ್ತವೆ, ಅಂದರೆ ಐದು ಬ್ಲಾಕು ಕಡಿಮೆ. ದೇವಿಮನೆ ಘಟ್ಟ ಇಳಿದು ಬರುವಾಗ ಮೂಲೆ ಮುರಿಯುವುದು, ಕೊಯ್ಯುವಾಗ ಹಾಳಾಗುವುದು ಅಂತ ಶೇಕಡಾ 5 ಸೇರಿಸಿದರೆ ಮತ್ತೆ 75ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. 75 ತರಿಸಿ. ಅಂಗಡಿಯವರು ಘನ ಮೀಟರಿನಲ್ಲಿ ದರ ಹೇಳಿದರೆ ಗಾಬರಿ ಬೇಡ: ಈ ದಪ್ಪದ್ದು ಒಂದು ಘನ ಮೀಟರಿಗೆ 83 ಬ್ಲಾಕು.

ಇದೇ ಗೋಡೆಗೆ 9 ಇಂಚು ಉದ್ದ, 3 ಇಂಚು ಎತ್ತರದ ಇಟ್ಟಿಗೆ ಆದರೆ 450 ಬೇಕು, ಒಡೆದದ್ದು ಸೇರಿಸಿ 475. ಒಂದಕ್ಕೆ ನಾಲ್ಕು ಮರಳಿನ ಗಾರೆಗೆ ಸುಮಾರು ಒಂದೂಕಾಲು ಚೀಲ ಸಿಮೆಂಟು, ಆರೇಳು ಘನ ಅಡಿ ಮರಳು. ಮೇಲೆ ವಾರಪೂರ್ತಿ ನೀರು ಹಾಕಬೇಕು.

ಅಂಟು ಒಂದು ಚೀಲ ಸಾಕು, ಸಂದಿ 3 ಮಿಮೀ ಇದ್ದರೆ

ಲೆಕ್ಕದ ಪ್ರಕಾರ ಈ ಗೋಡೆಗೆ ಬೇಕಾದ ಅಂಟಿನ ಪುಡಿ 26 ಕೆಜಿ ಆಸುಪಾಸು. ಚೆಲ್ಲಿದ್ದು, ಗಟ್ಟಿಯಾಗಿ ಎಸೆದದ್ದು ಎಲ್ಲ ಸೇರಿ 35 ಹಿಡಿಯಿರಿ. 40 ಕೆಜಿ ಚೀಲ ಒಂದು ಬಂದರೆ ಆಯಿತು. ಆದರೆ ದಪ್ಪ ಗಾರೆಯ ಮೇಲೆ ಇಟ್ಟಿಗೆ ಕೂರಿಸಿ ಕೈ ಪಳಗಿದ ಮೇಸ್ತ್ರಿ ಇಲ್ಲೂ ಅದೇ ಧಾಟಿಯಲ್ಲಿ ಬಳಿದು ಸಂದಿ 6 ಮಿಮೀ ಆದರೆ ಅಂಟು ನೇರವಾಗಿ ಎರಡು ಪಟ್ಟು, ಇಟ್ಟಿಗೆಗಿಂತ ಉಳಿಯಿತು ಎಂದುಕೊಂಡ ದುಡ್ಡು ಅಲ್ಲೇ ಹೋಯಿತು. ಬ್ಲಾಕುಗಳ ಎತ್ತರ ಒಂದೇ ಸಮ ಇಲ್ಲದಿದ್ದರೂ ಹೀಗೇ ಆಗುತ್ತದೆ. ಲಾರಿಯಿಂದ ಇಳಿಸುವಾಗಲೇ ನಾಲ್ಕೈದು ಬ್ಲಾಕು ಟೇಪಿನಲ್ಲಿ ಅಳೆಯಿರಿ. ಒಂದಕ್ಕೂ ಇನ್ನೊಂದಕ್ಕೂ ಮೂರ್ನಾಲ್ಕು ಮಿಮೀ ವ್ಯತ್ಯಾಸ ಇದ್ದರೆ ತೆಳು ಸಂದಿ ಬರುವುದೇ ಇಲ್ಲ, ವಾಪಸ್ ಕಳಿಸಿ.

ಜೊತೆಗೆ ಒಂದು ಬ್ಲಾಕು ತಕ್ಕಡಿಗೂ ಹಾಕಿ. ಈ ಅಳತೆಯ ಒಣ ಬ್ಲಾಕು ಏಳರಿಂದ ಎಂಟು ಕೆಜಿ. 10 ಕೆಜಿ ತೋರಿಸಿದರೆ ಒಳಗೆ ನೀರಿದೆ. ಒದ್ದೆ ಬ್ಲಾಕು ಕಟ್ಟಿದ ಮೇಲೆ ನಿಧಾನವಾಗಿ ಒಣಗಿ ಕುಗ್ಗುತ್ತದೆ, ಆಗ ಗೋಡೆಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿಯಲ್ಲೂ, ಈ ಬ್ಲಾಕು ಕೆಟ್ಟ ಹೆಸರು ತಗೊಳ್ಳುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನಗೆ ಅನಿಸುತ್ತದೆ. ಜೂನ್ ತಿಂಗಳಲ್ಲಿ ಅಂಗಳದ ಮಣ್ಣಿನ ಮೇಲೆ ಸುಮ್ನೆ ಇಳಿಸಿಬಿಡುತ್ತಾರೆ. ಮರದ ಹಲಗೆ ಹಾಕಿ ನೆಲದಿಂದ ಮೇಲಿಡಿ, ತಾಡಪತ್ರಿ ಮುಚ್ಚಿ, ಪಕ್ಕದಲ್ಲಿ ಗಾಳಿ ಆಡಲು ಬಿಡಿ. ಹಾಗೆ ಇಡಲು ಜಾಗವೇ ಇಲ್ಲದಿದ್ದರೆ ಮಳೆಗಾಲ ಮುಗಿಯುವವರೆಗೆ ಕಾಯಿರಿ, ಇಲ್ಲ ಇಟ್ಟಿಗೆಗೇ ಹೋಗಿ.

ಕಟ್ಟುವುದು

ಮೊದಲ ಸಾಲನ್ನು ಅಂಟಿನಲ್ಲಿ ಕೂರಿಸುವಂತಿಲ್ಲ. ಸ್ಲ್ಯಾಬಿನ ಏರುತಗ್ಗು ತುಂಬಲು 3 ಮಿಮೀ ಎಲ್ಲಿ ಸಾಕು? ಸುಮಾರು 20 ಮಿಮೀ ಸಿಮೆಂಟ್ ಗಾರೆ ಹಾಸಿ, ರಸಮಟ್ಟ ಇಟ್ಟು, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿ, ಒಂದು ರಾತ್ರಿ ಬಿಡಿ. ಈ ಸಾಲು ಓರೆಯಾದರೆ ಮೇಲೆ ಅಂಟಿನಲ್ಲಿ ಸರಿಮಾಡಲು ಆಗುವುದಿಲ್ಲ. ಹಾಗಾಗಿ ಅವಸರ ಬೇಡ.

ಬಾಗಿಲ ಪಕ್ಕ ಉಳಿಯುವ ಗೋಡೆ 9 ಅಡಿ. ಅದಕ್ಕೆ ನಾಲ್ಕು ಪೂರ್ತಿ ಬ್ಲಾಕು, ಒಂದು 330 ಮಿಮೀ ತುಂಡು. ಆ ತುಂಡನ್ನು ಒಂದು ಸಾಲಿಗೆ ಗೋಡೆಯ ಕಡೆ, ಮುಂದಿನ ಸಾಲಿಗೆ ಬಾಗಿಲ ಕಡೆ ಇಟ್ಟರೆ ಸಂದಿ ಮೇಲೆ ಸಂದಿ ಬರುವುದಿಲ್ಲ. ಎತ್ತರದಲ್ಲಿ ಹತ್ತು ಸಾಲು ಮತ್ತು ಒಂದು ಪಟ್ಟಿಗೆ ಲಿಂಟೆಲ್ ಮಟ್ಟ ಸಿಗುತ್ತದೆ. ಅದರ ಮೇಲೆ ಮೂರು ಪೂರ್ತಿ ಸಾಲು, ನಾಲ್ಕನೆಯದನ್ನು ಗರಗಸದಲ್ಲಿ ಕೊಯ್ದು ಹಾಕಬೇಕು. ಇದನ್ನೆಲ್ಲ ಕೆಲಸ ಶುರುವಾಗುವ ಮೊದಲೇ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ.

ಅಂಟು ಕಲಸುವಾಗ ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ನೀರಿನ ಪ್ರಮಾಣ ಚೀಲದ ಮೇಲೆ ಬರೆದಿರುತ್ತದೆ, ಸಾಮಾನ್ಯವಾಗಿ ಪುಡಿಯ ತೂಕದ ಕಾಲು ಭಾಗದಷ್ಟು. ಐದು ನಿಮಿಷ ಬಿಟ್ಟು ಮತ್ತೊಮ್ಮೆ ತಿರುಗಿಸಿ. ಒಂದು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ, ಬಿಗಿಯಾಗುತ್ತಾ ಬಂದದ್ದಕ್ಕೆ ನೀರು ಬೆರೆಸಬೇಡಿ. ಬ್ಲಾಕನ್ನು ಇಟ್ಟಿಗೆಯಂತೆ ನೀರಿನಲ್ಲಿ ನೆನೆಸಬಾರದು. ಒದ್ದೆ ಬ್ರಷ್ಷಿನಲ್ಲಿ ಧೂಳು ಒರೆಸಿದರೆ ಸಾಕು. ಹಲ್ಲಿನ ಕರಣೆಯಲ್ಲಿ ಅಡಿಗೂ ಬಳಿಯಿರಿ, ನಿಂತ ಸಂದಿಗೂ ಬಳಿಯಿರಿ. ನಿಂತ ಸಂದಿ ಬಿಟ್ಟುಹೋಗುವುದೇ ಜಾಸ್ತಿ.

ಸರಿಯಾಗಿ ಹಿಡಿದಿದೆಯೋ ಇಲ್ಲವೋ ನೋಡಲು ಒಂದು ಉಪಾಯವಿದೆ. ಆಗಷ್ಟೇ ಕೂರಿಸಿದ ಬ್ಲಾಕನ್ನು ಎತ್ತಿ ಅಡಿ ನೋಡಿ. ಕರಣೆಯ ಗೆರೆಗಳು ಚಪ್ಪಟೆಯಾಗಿ, ಅಡಿ ಪೂರ್ತಿ ಬೂದು ಬಣ್ಣ ಹಿಡಿದಿರಬೇಕು. ಗೆರೆ ಗೆರೆಯಾಗಿಯೇ ಉಳಿದು ನಡುವೆ ಬ್ಲಾಕಿನ ಬಿಳಿ ಕಂಡರೆ ಅಂಟು ಒಣಗಿತ್ತು ಅಥವಾ ತಟ್ಟಿದ್ದು ಸಾಲದು. ಕೆರೆದು ಹೊಸದಾಗಿ ಬಳಿದು ಕೂರಿಸಿ.

ಹಳೆಯ ಚಿರೆಕಲ್ಲಿನ ಗೋಡೆಗೆ ಸೇರುವ ಕಡೆ ಎರಡು ಸಾಲಿಗೊಂದು ಎಲ್ ಆಕಾರದ ಕಬ್ಬಿಣದ ಪಟ್ಟಿ ಹೊಡೆಯಿರಿ, ತುಕ್ಕು ಹಿಡಿಯದಂತೆ ಸತುವಿನ ಲೇಪ ಇರುವುದನ್ನೇ ತನ್ನಿ. ಸಮುದ್ರದ ಗಾಳಿಗೆ ಬರೀ ಕಬ್ಬಿಣ ಬಾಳುವುದಿಲ್ಲ. ಪ್ಲಾಸ್ಟರ್ ಮೊದಲು ಆ ಸೇರುವ ಗೆರೆಯ ಮೇಲೆ 6 ಇಂಚು ಅಗಲ ಕೋಳಿಬಲೆ ಬೇಕೇ ಬೇಕು.

ಬಾತ್‌ರೂಮಿಗೆ ತಾಗುವ ಗೋಡೆಯಾದರೆ ನಾನು ಇಟ್ಟಿಗೆಯನ್ನೇ ಹೇಳುತ್ತೇನೆ. ಹಾಗೆಯೇ 75 ಬ್ಲಾಕು ಅಂದರೆ ಒಂದು ಘನ ಮೀಟರು ಕೂಡ ಅಲ್ಲ, ಅಷ್ಟಕ್ಕೇ ದೂರದಿಂದ ಲಾರಿ ಬರಬೇಕಾದರೆ ಬಾಡಿಗೆ ಸೇರಿಸಿ ದರ ಕೇಳಿ, ಆಮೇಲೆ ಇಟ್ಟಿಗೆಯ ದರಕ್ಕೆ ಹೋಲಿಸಿ.

ಕೊನೆಯ ಸಾಲಿಗೂ ಸ್ಲ್ಯಾಬಿಗೂ ನಡುವೆ 10ರಿಂದ 12 ಮಿಮೀ ಸಂದಿ ಬಿಡಿ. ಅದಕ್ಕೆ ಸಿಮೆಂಟ್ ತುರುಕಿದರೆ, ಮೇಲಿನ ಸ್ಲ್ಯಾಬು ಸ್ವಲ್ಪ ಬಾಗಿದಾಗ ಅದರ ಭಾರ ಗೋಡೆ ಮೇಲೆ ಬೀಳುತ್ತದೆ. ಒಂದೆರಡು ವಾರ ಬಿಟ್ಟು, ಉಬ್ಬಿ ಗಟ್ಟಿಯಾಗುವ ಪಿಯು ಫೋಮ್ ಎಂಬ ನೊರೆ ತುಂಬಿ, ಹೊರಗೆ ಬಂದದ್ದನ್ನು ಚಾಕುವಿನಲ್ಲಿ ಕತ್ತರಿಸಿ, ಪ್ಲಾಸ್ಟರ್ ಶುರುಮಾಡಿ.