ಬಲಿಪಾಡ್ಯಮಿಯ ಸೊನ್ನೆ, ಭಾನುವಾರದ ಸೊನ್ನೆ

2024ರ ದೀಪಾವಳಿಗೆ ನಮ್ಮಲ್ಲಿ ಬ್ಯಾಂಕು ಸಾಲಾಗಿ ನಾಲ್ಕು ದಿನ ಮುಚ್ಚಿತ್ತು. ಅಕ್ಟೋಬರ್ 31, ಗುರುವಾರ ನರಕ ಚತುರ್ದಶಿ, ಮರುದಿನ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಆಮೇಲೆ ಭಾನುವಾರ. ಸೋಮವಾರ ಆಫೀಸಿಗೆ ಬಂದು, ಬ್ಯಾಂಕಿನ ಲೆಕ್ಕವನ್ನು ನಮ್ಮ ಪುಸ್ತಕಕ್ಕೆ ತಾಳೆ ಹಾಕಿ ತೋರಿಸುವ ಪರದೆ ತೆರೆದಾಗ ಶನಿವಾರವೂ ಖಾಲಿ, ಭಾನುವಾರವೂ ಖಾಲಿ. ದಿನಾ ತಾನಾಗಿ ಓಡುವ ತಾಳೆಯ ಜಾಬ್ ಎರಡೂ ದಿನ ಸರಿಯಾಗಿ ಮುಗಿದಿದೆ ಎಂದು ಹಸಿರು ಗುರುತು ಇತ್ತು. ನಮ್ಮ ಹಿರಿಯ ಅಕೌಂಟೆಂಟ್ ನೋಡಿ, "ಹಬ್ಬ ಅಲ್ವೇನು ತಮ್ಮಾ, ದುಡ್ಡು ಯಾರು ಹಾಕ್ತಾರೆ" ಅಂದರು. ನಾನೂ ಒಪ್ಪಿದೆ. ಅದು ತಪ್ಪಾಗಿತ್ತು.

ನಾನು ಕೆಲಸ ಮಾಡುವುದು ದಾವಣಗೆರೆಯ ಒಂದು ಸಂಸ್ಥೆಯಲ್ಲಿ. ಸುತ್ತಲಿನ ಮೆಕ್ಕೆಜೋಳ ಕೊಂಡು ಕೋಳಿ ಫಾರಂಗಳಿಗೂ ಆಹಾರ ತಯಾರಿಸುವವರಿಗೂ ಮಾರುತ್ತೇವೆ. ಗಿರಾಕಿಗಳು ಹಣ ಹಾಕುವ ಖಾತೆಯ ಹಿಂದಿನ ದಿನದ ಸ್ಟೇಟ್‌ಮೆಂಟನ್ನು ಬ್ಯಾಂಕು ದಿನಾ ಬೆಳಗಿನ ಜಾವ MT940 ಎಂಬ ನಿಗದಿತ ಮಾದರಿಯ ಫೈಲಾಗಿ ಕಳಿಸುತ್ತದೆ. ಆರೂವರೆಗೆ ನಾನು ಬರೆದ ಜಾಬ್ ಅದನ್ನು ಎತ್ತಿಕೊಂಡು ನಮ್ಮ ಪುಸ್ತಕದ ಜೊತೆ ತಾಳೆ ನೋಡುತ್ತದೆ.

ಮಂಗಳವಾರ ಹರಿಹರದ ಕಡೆಯ ಫಾರಂನವರೊಬ್ಬರು ಫೋನ್ ಮಾಡಿದರು. "ಸರ್, ಭಾನುವಾರ ಸಂಜೆನೇ 12,350 ಹಾಕೀನಿ. ಇನ್ನೂ ಬಾಕಿ ಅಂತ ಮೆಸೇಜ್ ಬರ್ತಾ ಐತಲ್ಲ?" ಅವರ ದನಿಯಲ್ಲಿ ಬೇಸರವಿತ್ತು, ಅದು ನ್ಯಾಯವೂ ಆಗಿತ್ತು. ಜಾಬನ್ನು ಪಕ್ಕಕ್ಕಿಟ್ಟು ಫೈಲುಗಳನ್ನೇ ಕೈಯಾರೆ ತೆರೆದು ನೋಡಿದೆ. ಶನಿವಾರದ್ದು ಹೀಗಿತ್ತು (ಖಾತೆ ಸಂಖ್ಯೆಯ ಸಾಲು ಬಿಟ್ಟಿದ್ದೇನೆ):

```
:28C:307/1
:60F:C241101INR418620,50
:62F:C241102INR418620,50
```

`:28C:` ಸ್ಟೇಟ್‌ಮೆಂಟಿನ ಕ್ರಮಸಂಖ್ಯೆ. ನಮ್ಮ ಬ್ಯಾಂಕು ವರ್ಷದ ಮೊದಲ ದಿನದಿಂದ ದಿನಕ್ಕೊಂದು ಕಳಿಸುವುದರಿಂದ ನವೆಂಬರ್ 2ಕ್ಕೆ 307. `:60F:` ಆರಂಭದ ಶಿಲ್ಕು, `:62F:` ಕೊನೆಯ ಶಿಲ್ಕು. ವ್ಯವಹಾರ ನಡೆದಿದ್ದರೆ ಇವೆರಡರ ನಡುವೆ ಒಂದೊಂದಕ್ಕೂ ಒಂದು `:61:` ಸಾಲು ಇರಬೇಕು. ಇಲ್ಲಿ ಒಂದೂ ಇಲ್ಲ, ಶಿಲ್ಕೂ ಕದಲಿಲ್ಲ. ಅಂದರೆ "ಇವತ್ತು ಏನೂ ಆಗಿಲ್ಲ" ಎಂದು ಬ್ಯಾಂಕೇ ಬರೆದುಕೊಟ್ಟಂತೆ.

ಭಾನುವಾರದ ಫೈಲು ಹುಡುಕಿದರೆ, ಫೈಲೇ ಇರಲಿಲ್ಲ. ಅಂದು ಬೆಳಿಗ್ಗೆ ಬಂದಿದ್ದ ಸೋಮವಾರದ ಫೈಲು ತೆರೆದೆ. ಕ್ರಮಸಂಖ್ಯೆ 309, ಆರಂಭದ ಶಿಲ್ಕು 4,30,970.50. ಶನಿವಾರದ ಕೊನೆಯ ಶಿಲ್ಕನ್ನು ಕಳೆದರೆ ಉಳಿದದ್ದು ಸರಿಯಾಗಿ 12,350. ಆ ಮನುಷ್ಯ ಹೇಳಿದ ಮೊತ್ತ ಅಲ್ಲೇ ಕೂತಿತ್ತು, ನಾವು ನೋಡಿರಲಿಲ್ಲ ಅಷ್ಟೆ.

ನನ್ನ ಜಾಬ್ ಮಾಡುತ್ತಿದ್ದುದು ಇಷ್ಟು: ಫೈಲಿನ ಸಾಲುಗಳನ್ನು ಟೇಬಲ್ಲಿಗೆ ಹಾಕು, ಇಲ್ಲದಿದ್ದರೆ ಸುಮ್ಮನೆ ಮುಗಿಸು. ಫೈಲು ಬಂದು ಸಾಲಿಲ್ಲದ ದಿನಕ್ಕೂ, ಫೈಲೇ ಬಾರದ ದಿನಕ್ಕೂ ಟೇಬಲ್ಲಿನಲ್ಲಿ ಸಿಗುತ್ತಿದ್ದುದು ಒಂದೇ, ಏನೂ ಇಲ್ಲದಿರುವುದು. ಇದರ ಹಿಂದೆ ನಾನೇ ಮಾಡಿದ ಇನ್ನೊಂದು ಕೆಲಸವೂ ಇತ್ತು. ಮೊದಲು ಖಾಲಿ ದಿನ ಬಂದರೆ ಜಾಬ್ ಕೆಂಪು ತೋರಿಸುತ್ತಿತ್ತು. ಪ್ರತಿ ಹಬ್ಬಕ್ಕೂ ಫೋನ್ ಬರತೊಡಗಿದ ಮೇಲೆ ಬ್ಯಾಂಕ್ ರಜೆಗಳ ಪಟ್ಟಿ ಸೇರಿಸಿ, ಆ ದಿನಗಳಲ್ಲಿ ಎಚ್ಚರಿಕೆಯನ್ನು ಸುಮ್ಮನಾಗಿಸಿದ್ದೆ. ಶಾಖೆಯ ಬಾಗಿಲು ಮುಚ್ಚಿದರೆ ಹಣ ನಿಲ್ಲುತ್ತಿದ್ದ ಕಾಲಕ್ಕೆ ಅದು ಸರಿ. ಆದರೆ ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ರಜೆಯಿಲ್ಲದೆ ನಡೆಯುತ್ತಿವೆ, ಯುಪಿಐಗೆ ರಜೆ ಇದ್ದೇ ಇಲ್ಲ. ಅದೇ ವಾರ ಚತುರ್ದಶಿಯ ದಿನ ನಮ್ಮ ಖಾತೆಗೆ ಏಳು ಜಮೆ ಬಂದಿದ್ದವು. ರಜೆಯ ಪಟ್ಟಿ ನೋಡಿ ದಿನ ಖಾಲಿ ಇರಬಹುದು ಎಂದು ಊಹಿಸಬಹುದು, ಖಾಲಿ ಎಂದು ಬರೆಯಲು ಅದು ಸಾಲದು.

ಪಟ್ಟಿಯನ್ನು ಕಿತ್ತುಹಾಕಿದೆ. ಬದಲಿಗೆ ಖಾತೆಗೆ, ದಿನಕ್ಕೆ ಕಡ್ಡಾಯವಾಗಿ ಕನಿಷ್ಠ ಒಂದು ಸಾಲು ಇರುವ ಇನ್ನೊಂದು ಟೇಬಲ್ ಮಾಡಿದೆ. ವ್ಯವಹಾರ ಇರಲಿ, ಬಿಡಲಿ, ದಿನಕ್ಕೆ ಸಾಲು ಇರಲೇಬೇಕು. ಬೆಳಿಗ್ಗೆ ಜಾಬ್ ಶುರುವಾದ ಕೂಡಲೇ ಹಿಂದಿನ ದಿನಕ್ಕೆ `MISSING` ಎಂದು ಸಾಲು ಬರೆಯುತ್ತದೆ. ಫೈಲು ಬಂದು, ಓದಿ, ಪರೀಕ್ಷೆ ದಾಟಿದರೆ ಮಾತ್ರ ಅದು ಬದಲಾಗುತ್ತದೆ. ಜಾಬ್ ಅರ್ಧದಲ್ಲಿ ಸತ್ತರೂ ಆ ದಿನ ಕೆಂಪಾಗಿಯೇ ಉಳಿಯುತ್ತದೆ. ದಿನ ನಿಜಕ್ಕೂ ಖಾಲಿ ಎಂಬ `EMPTY_OK` ಗುರುತು ಸಿಗಲು ಇಷ್ಟೂ ಕೂಡಿಬರಬೇಕು:

```
line_count = 0
AND opening = closing
AND opening = prev_closing
AND stmt_no = prev_stmt_no + 1
```

ಜನವರಿ 1ಕ್ಕೆ ಕ್ರಮಸಂಖ್ಯೆ ಮತ್ತೆ 1 ಆಗುತ್ತದೆ, ಕೊನೆಯ ಷರತ್ತಿಗೆ ಆ ಒಂದು ದಿನದ ವಿನಾಯಿತಿ ಕೊಡಬೇಕು. ಫೈಲಿನ ಹೆಸರಿದ್ದು ಒಳಗೆ ಸೊನ್ನೆ ಬೈಟ್ ಇದ್ದರೆ ಅದು ಖಾಲಿ ದಿನವಲ್ಲ, ಹಾಳಾದ ಫೈಲು. ಅಲ್ಲಿ ಶಿಲ್ಕೇ ಇಲ್ಲದ ಕಾರಣ ಪರೀಕ್ಷೆ ತಾನಾಗಿ ಬೀಳುತ್ತದೆ.

ನಾನು ಮೊದಲು ಗಮನಿಸದೇ ಇದ್ದದ್ದು ನಮ್ಮ ಪುಸ್ತಕದ ಕಡೆ. ಬ್ಯಾಂಕಿನಲ್ಲಿ ಏನೂ ಆಗದ ದಿನವೂ ತಾಳೆಯ ಕೆಲಸ ಇರುತ್ತದೆ. ಅಕ್ಟೋಬರ್ 30ರಂದು ಲಾರಿ ಬಾಡಿಗೆಗೆ ಕೊಟ್ಟ 85,000 ರೂಪಾಯಿಯ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗಿರಲಿಲ್ಲ. ಹಾಗಾಗಿ ಬಲಿಪಾಡ್ಯಮಿಯ ದಿನ ನಮ್ಮ ಪುಸ್ತಕದ ಶಿಲ್ಕು 3,33,620.50. ಅದಕ್ಕೆ ಬಾಕಿ ಚೆಕ್ಕು ಕೂಡಿಸಿದರೆ 4,18,620.50, ಬ್ಯಾಂಕಿನದ್ದಕ್ಕೆ ಸರಿ. ಹಳೆಯ ಜಾಬ್ ಖಾಲಿ ದಿನವನ್ನು ದಾಟಿ ಹೋಗುತ್ತಿದ್ದುದರಿಂದ ಈ ಲೆಕ್ಕ ಅಂದಿಗೆ ಎಲ್ಲೂ ದಾಖಲಾಗುತ್ತಿರಲಿಲ್ಲ, ಚೆಕ್ಕು ಎಷ್ಟು ದಿನದಿಂದ ಬಾಕಿ ಎಂಬ ಎಣಿಕೆಯೂ ತಪ್ಪುತ್ತಿತ್ತು. ಈಗ `EMPTY_OK` ದಿನವೂ ತಾಳೆಪಟ್ಟಿ ಪೂರ್ತಿ ತಯಾರಾಗುತ್ತದೆ, ಬಾಕಿಗಳು ಮುಂದಿನ ದಿನಕ್ಕೆ ಹೋಗುತ್ತವೆ.

ಹೊಸ ಟೇಬಲ್ಲಿಗೆ ಆ ವಾರದ ಹಳೆಯ ಫೈಲುಗಳನ್ನೇ ಮತ್ತೆ ಹಾಕಿ ಓಡಿಸಿದೆ. 307 ಖಾಲಿ ಎಂದು ಪಾಸಾಯಿತು. ಭಾನುವಾರ ಕೆಂಪಾಗಿಯೇ ನಿಂತಿತು. 309 ಹಿಂದಿನ ದಿನಕ್ಕೆ ಹೋಲಿಸುವ ಎರಡೂ ಷರತ್ತಿನಲ್ಲಿ ಬಿತ್ತು, ಶಿಲ್ಕಿನಲ್ಲೂ ಕ್ರಮಸಂಖ್ಯೆಯಲ್ಲೂ. ಅಕೌಂಟೆಂಟ್ ಆಗ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: "ಶಿಲ್ಕು ಸರಿಹೊಂದಿದ್ದರೆ, ಭಾನುವಾರವನ್ನು ಖಾಲಿ ಅಂತ ನಾವೇ ಬರ್ಕೋಬಹುದಿತ್ತಾ?" ಬೇಡ ಸರ್ ಅಂದೆ. ಒಂದು ಜಮೆ ಬಂದು ಅದೇ ದಿನ ವಾಪಸ್ ಹೋಗಿದ್ದರೂ ಶಿಲ್ಕು ಹಾಗೇ ಇರುತ್ತದೆ. ಕ್ರಮಸಂಖ್ಯೆ ತಪ್ಪಿದ್ದರೆ ಫೈಲು ಕೇಳಿ ತರಿಸಲೇಬೇಕು.

ತರಿಸಿದೆವು. ಬ್ಯಾಂಕಿನ ಕಡೆಯಿಂದ ಫೈಲು ಸಾಗಿಸುವಾಗ ನಿಂತುಹೋಗಿತ್ತಂತೆ, ಬುಧವಾರ 308 ಬಂತು. ಅದರಲ್ಲಿ ಒಂದೇ `:61:` ಸಾಲು, 12,350 ಜಮೆ. `MISSING` ಎಂದಿದ್ದ ಹಳೆಯ ಸಾಲನ್ನು ಅಳಿಸದೆ, ಅದರ ಕೆಳಗೆ ಹೊಸ ಸಾಲು ಬಂದ ಸಮಯದೊಂದಿಗೆ ಸೇರುವಂತೆ ಮಾಡಿದ್ದೇನೆ. ಮುಂದೆ ಆಡಿಟರ್ ಕೇಳಿದರೆ ಭಾನುವಾರದ ಹಣ ಬುಧವಾರ ಯಾಕೆ ಪುಸ್ತಕಕ್ಕೆ ಬಂತು ಎಂದು ತೋರಿಸಬೇಕಲ್ಲ.

ಈ ಪರೀಕ್ಷೆ ಹಿಡಿಯದ ಒಂದು ಸಂದರ್ಭ ಉಳಿದಿದೆ. ಬ್ಯಾಂಕಿನ ತಂತ್ರಾಂಶವೇ ಜಮೆ ಮತ್ತು ಅದರ ವಾಪಸಾತಿ, ಎರಡೂ ಸಾಲು ಬಿಟ್ಟು ಫೈಲು ತಯಾರಿಸಿದರೆ ನಾಲ್ಕೂ ಷರತ್ತು ಪಾಸಾಗುತ್ತವೆ. MT940ರಲ್ಲಿ ಒಟ್ಟು ಸಾಲುಗಳ ಎಣಿಕೆಗೆ ಜಾಗವಿಲ್ಲ. ಅದಕ್ಕೆ ತಿಂಗಳ ಕೊನೆಗೆ `EMPTY_OK` ದಿನಗಳ ಪಟ್ಟಿ ತೆಗೆದು, ಬ್ಯಾಂಕಿನ ಪಿಡಿಎಫ್ ಸ್ಟೇಟ್‌ಮೆಂಟಿನಲ್ಲಿ ಆ ದಿನಾಂಕಗಳನ್ನು ಕಣ್ಣಾರೆ ನೋಡುತ್ತೇವೆ. ತಿಂಗಳಿಗೆ ಎರಡೋ ಮೂರೋ ಇರುತ್ತವೆ, ಹತ್ತು ನಿಮಿಷದ ಕೆಲಸ. ಆ ನವೆಂಬರಿನ ಪಟ್ಟಿಯಲ್ಲಿ ಇದ್ದದ್ದು ಒಂದೇ ದಿನಾಂಕ, ಬಲಿಪಾಡ್ಯಮಿಯದು. ಅಕೌಂಟೆಂಟ್ ಪಿಡಿಎಫ್ ನೋಡಿ ಅದರ ಮುಂದೆ ಸಹಿ ಹಾಕಿದರು.