ಪಿಇ 5 ಅಂದ್ರೆ ಅಗ್ಗನಾ? ಲಾಭದ ಅಂಕಿ ಬಿಚ್ಚಿ ನೋಡಿದ ಅನುಭವ

ದಾವಣಗೆರೆಯಲ್ಲಿ ನನ್ನ ಕೆಲಸ ವ್ಯಾಪಾರಸ್ಥರ ಲೆಕ್ಕ ಬರೆಯುವುದು. ಎಪಿಎಂಸಿಯ ಮೆಕ್ಕೆಜೋಳದ ದಲಾಲರು, ಒಂದೆರಡು ಅಕ್ಕಿ ಗಿರಣಿ, ಮಂಡಿಪೇಟೆಯ ಕಿರಾಣಿ ಅಂಗಡಿಗಳು. ಈ ಕೆಲಸದಿಂದ ಒಂದು ಚಟ ಅಂಟಿಕೊಂಡಿದೆ. ಯಾರಾದರೂ "ಈ ವರ್ಷ ಇಷ್ಟು ಲಾಭ" ಅಂದರೆ, ಅದು ಯಾವುದರಿಂದ ಬಂತು ಅಂತ ಕೇಳದೆ ಇರೋಕೆ ಆಗಲ್ಲ. ಷೇರು ಕೊಳ್ಳುವಾಗಲೂ ನನ್ನ ಕೈಯಲ್ಲಿರುವುದು ಅದೊಂದೇ ವಿದ್ಯೆ.

ಮೊದಲು ಪಿಇ ಏನು ಹೇಳುತ್ತದೆ ಅನ್ನೋದನ್ನ ಮುಗಿಸಿಬಿಡೋಣ. ಒಂದು ಮಳಿಗೆಯ ಬೆಲೆ 60 ಲಕ್ಷ, ವರ್ಷದ ಬಾಡಿಗೆ 3 ಲಕ್ಷ ಅಂತಿಟ್ಟುಕೊಳ್ಳಿ. ಬೆಲೆಯನ್ನು ಬಾಡಿಗೆಯಿಂದ ಭಾಗಿಸಿದರೆ 20. ಷೇರಿನಲ್ಲೂ ಅಷ್ಟೇ. ಒಂದು ಷೇರಿನ ಬೆಲೆಯನ್ನು, ಆ ಒಂದು ಷೇರಿಗೆ ಬರುವ ವರ್ಷದ ನಿವ್ವಳ ಲಾಭದಿಂದ ಭಾಗಿಸುವುದು. ಆ ಲಾಭವನ್ನು ಇಪಿಎಸ್ ಅನ್ನುತ್ತಾರೆ. 20 ಬಂದರೆ, ಒಂದು ರೂಪಾಯಿ ಲಾಭಕ್ಕೆ ಜನ 20 ರೂಪಾಯಿ ಕೊಡಲು ತಯಾರಿದ್ದಾರೆ ಅಂತ ಅರ್ಥ. ತಿರುಗಿಸಿ ನೋಡಿದರೆ ಅದು ನೂರಕ್ಕೆ 5ರ ಗಳಿಕೆ. ಬ್ಯಾಂಕಿನ ಎಫ್‌ಡಿ ಅದಕ್ಕಿಂತ ಜಾಸ್ತಿ ಕೊಡುವಾಗಲೂ ಜನ 20 ಕೊಡುತ್ತಾರೆ ಅಂದರೆ, ಮುಂದೆ ಲಾಭ ಬೆಳೆಯುತ್ತದೆ ಅನ್ನೋ ನಂಬಿಕೆಗೂ ಸೇರಿಸಿ ದುಡ್ಡು ಕೊಡುತ್ತಿದ್ದಾರೆ. ಪಿಇ ಹೇಳುವುದು ಇಷ್ಟೇ. ಕಂಪನಿ ಒಳ್ಳೆಯದೋ ಕೆಟ್ಟದ್ದೋ ಅಂತ ಅದು ಹೇಳುವುದಿಲ್ಲ.

ಭಾಗಾಕಾರದಲ್ಲಿ ಬೆಲೆಯ ಬಗ್ಗೆ ಯಾರಿಗೂ ತಕರಾರಿಲ್ಲ. ಅದು ಪರದೆಯ ಮೇಲೆ ಕಾಣುತ್ತದೆ. ಯಾಮಾರಿಸುವುದು ಕೆಳಗಿರುವ ಲಾಭದ ಅಂಕಿ.

ನನ್ನ ಹತ್ತಿರ ಲೆಕ್ಕ ಬರೆಸುವ ಗೊಬ್ಬರದಂಗಡಿಯ ಹುಡುಗನೊಬ್ಬ ಹೀಗೇ ಒಮ್ಮೆ ಮೊಬೈಲ್ ಹಿಡಿದುಕೊಂಡು ಬಂದ. "ಅಣ್ಣಾ, ಈ ಮಿಲ್ಲಿನ ಷೇರು ನೋಡ್ರಿ. ಬೇರೆ ಮಿಲ್ಲಿನವೆಲ್ಲಾ ಪಿಇ 18, 20 ಅದಾವು. ಇದು ಬರೀ 5. ಅಗ್ಗ ಅಲ್ವಾ?" ಅಂದ. "ಅಗ್ಗ ಇರಬಹುದಪ್ಪ. ಮೊದಲು ನಾಲ್ಕು ಕ್ವಾರ್ಟರ್ ಬಿಚ್ಚಿ ನೋಡೋಣ ತಡಿ" ಅಂದೆ. ಕಂಪನಿಯ ಹೆಸರು ಇಲ್ಲಿ ಬೇಡ. ಅಂಕಿಗಳನ್ನೂ ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ಷೇರಿನ ಬೆಲೆ 240 ರೂಪಾಯಿ. ಒಟ್ಟು ಷೇರು 2 ಕೋಟಿ. ಹಾಗಾಗಿ ಇಡೀ ಕಂಪನಿಯ ಬೆಲೆ 480 ಕೋಟಿ. ಮೂರು ತಿಂಗಳಿಗೆ ಒಂದು ಕ್ವಾರ್ಟರ್. ಕಳೆದ ನಾಲ್ಕು ಕ್ವಾರ್ಟರ್‌ನ ನಿವ್ವಳ ಲಾಭ 96 ಕೋಟಿ, ಇಪಿಎಸ್ 48. ಭಾಗಿಸಿದರೆ 5. ಆ್ಯಪ್ ಸುಳ್ಳು ಹೇಳಿರಲಿಲ್ಲ.

ಆ್ಯಪ್ ಬಿಟ್ಟು ಬಿಎಸ್‌ಇ ವೆಬ್‌ಸೈಟಿಗೆ ಹೋದೆವು. ಅಲ್ಲಿ ಪ್ರತಿ ಕಂಪನಿಯ ಕ್ವಾರ್ಟರ್ ಫಲಿತಾಂಶದ ಪಿಡಿಎಫ್ ಇರುತ್ತದೆ. ಒಂದೊಂದಾಗಿ ನಾಲ್ಕನ್ನೂ ತೆಗೆದು ನಿವ್ವಳ ಲಾಭ ಬರೆದುಕೊಂಡೆವು: 6 ಕೋಟಿ, 7 ಕೋಟಿ, 77 ಕೋಟಿ, 6 ಕೋಟಿ. ಬರೆದ ತಕ್ಷಣ ಹುಡುಗನೇ ನಕ್ಕ. ಮಿಲ್ಲು ಮೂರನೇ ಕ್ವಾರ್ಟರ್‌ನಲ್ಲಿ ಮಾತ್ರ ಹತ್ತು ಪಟ್ಟು ಜಾಸ್ತಿ ನೂಲು ತೆಗೆಯೋಕೆ ಆಗುತ್ತಾ?

ಆ ಕ್ವಾರ್ಟರ್‌ನ ಪಿಡಿಎಫ್‌ನಲ್ಲಿ ಮಾರಾಟದ ಸಾಲು ನೋಡಿದರೆ ಅದು ಹಿಂದಿನಷ್ಟೇ ಇತ್ತು. ಕೆಳಗೆ ಬಂದರೆ ಎಕ್ಸೆಪ್ಷನಲ್ ಐಟಮ್ಸ್, ಅಂದರೆ ಮಾಮೂಲಲ್ಲದ ಬಾಬ್ತು ಅನ್ನೋ ಸಾಲಿನಲ್ಲಿ 90 ಕೋಟಿ ಕೂತಿತ್ತು. ಪುಟದ ತಳದಲ್ಲಿ ಸಣ್ಣ ಅಕ್ಷರದ ಟಿಪ್ಪಣಿ: ಹಳೆ ಕಾರ್ಖಾನೆಯ ಜಮೀನು ಮಾರಿದ್ದರಿಂದ ಬಂದ ಲಾಭ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆ ಹತ್ತಿ ಮಿಲ್ಲಿಗಿಂತ ಅದು ನಿಂತ ನೆಲಕ್ಕೆ ಬೆಲೆ ಜಾಸ್ತಿ ಆದದ್ದನ್ನು ಈ ಊರು ಕಣ್ಣಾರೆ ನೋಡಿದೆ.

90 ಕೋಟಿಗೆ 18 ಕೋಟಿ ತೆರಿಗೆ ಹೋದರೆ ಉಳಿಯುವುದು 72. ಮೂರನೇ ಕ್ವಾರ್ಟರ್‌ನ 77ರಲ್ಲಿ ಮಿಲ್ಲಿನ ದುಡಿಮೆ 5 ಕೋಟಿ ಮಾತ್ರ. ಹಾಗಾದರೆ ನಾಲ್ಕೂ ಕ್ವಾರ್ಟರ್ ಸೇರಿ 24 ಕೋಟಿ, ಷೇರಿಗೆ 12 ರೂಪಾಯಿ. 240ನ್ನು 12ರಿಂದ ಭಾಗಿಸಿದರೆ 20. ಬೇರೆ ಮಿಲ್ಲುಗಳಷ್ಟೇ ಆಯಿತು. ಮಾರುಕಟ್ಟೆಯವರು ಈ ಷೇರನ್ನು ಮರೆತಿರಲಿಲ್ಲ, ಅವರಿಗೆ ಜಮೀನಿನ ಸಂಗತಿ ಗೊತ್ತಿತ್ತು ಅಷ್ಟೇ.

ಇಲ್ಲಿಗೇ ನಿಲ್ಲಿಸಿದರೆ ಕಂಪನಿಗೆ ಅನ್ಯಾಯ ಆಗುತ್ತದೆ. ಜಮೀನಿನ ದುಡ್ಡು ಬಂದದ್ದಂತೂ ನಿಜ ಅಲ್ವಾ? ಮಾರಿದ್ದು 100 ಕೋಟಿಗೆ. ತೆರಿಗೆ ಕಟ್ಟಿ 82 ಕೋಟಿ ಎಫ್‌ಡಿಯಲ್ಲಿತ್ತು. ಅದನ್ನು ಲಾಭ ಅಂತ ಎಣಿಸದೆ ಆಸ್ತಿ ಅಂತ ಎಣಿಸಬೇಕು. 480ರಲ್ಲಿ 82 ಕಳೆದರೆ ಉಳಿದ ವ್ಯವಹಾರಕ್ಕೆ ನಾವು ಕೊಡುತ್ತಿರುವುದು ಸುಮಾರು 400 ಕೋಟಿ. ಕೊನೆಯ ಕ್ವಾರ್ಟರ್‌ನ ಲಾಭದಲ್ಲಿ ಆ ಎಫ್‌ಡಿಯ ಬಡ್ಡಿ ತೆರಿಗೆ ಕಳೆದು ಸುಮಾರು ಒಂದು ಕೋಟಿ ಸೇರಿದೆ. ದುಡ್ಡನ್ನು ಬೇರೆ ತೆಗೆದ ಮೇಲೆ ಅದರ ಬಡ್ಡಿಯನ್ನೂ ತೆಗೆಯಬೇಕು, ಇಲ್ಲದಿದ್ದರೆ ಒಂದೇ ಗಂಟನ್ನು ಎರಡು ಸಲ ಎಣಿಸಿದ ಹಾಗೆ. ಮಿಲ್ಲಿನ ಸ್ವಂತ ದುಡಿಮೆ 23 ಕೋಟಿ. 400 ಭಾಗಿಸು 23, ಸುಮಾರು 17. ನನ್ನ ಪುಸ್ತಕದಲ್ಲಿ ಈ ಷೇರಿನ ಪಿಇ ಇದು. ಸ್ವಲ್ಪ ಅಗ್ಗ ಇರಬಹುದು, 5ರ ಅಗ್ಗವಂತೂ ಅಲ್ಲ. ಆ 82 ಕೋಟಿಯನ್ನು ಕಂಪನಿ ಷೇರುದಾರರಿಗೆ ಹಂಚುತ್ತದೋ, ಮಾಲೀಕರ ಮನೆಯವರ ಇನ್ನೊಂದು ಕಂಪನಿಗೆ ಸಾಲ ಕೊಡುತ್ತದೋ ಅನ್ನೋದು ಬೇರೆ ತಲೆನೋವು.

ಇಂಥ ಲಾಭ ಯಾವಾಗಲೂ ಎಕ್ಸೆಪ್ಷನಲ್ ಸಾಲಿನಲ್ಲೇ ಕೂರುವುದಿಲ್ಲ. ಕೆಲವರು ಅದರ್ ಇನ್‌ಕಮ್, ಅಂದರೆ ಇತರೆ ಆದಾಯಕ್ಕೆ ಸೇರಿಸಿಬಿಡುತ್ತಾರೆ. ಆಗ ನನಗೆ ಗುಟ್ಟು ಸಿಗುವುದು ಕ್ಯಾಶ್ ಫ್ಲೋ ತಖ್ತೆಯಲ್ಲಿ, ಅಂದರೆ ನಗದು ಬಂದುಹೋದ ಲೆಕ್ಕದಲ್ಲಿ. ಸೆಪ್ಟೆಂಬರ್ ಮತ್ತು ಮಾರ್ಚ್ ಫಲಿತಾಂಶದ ಜೊತೆ ಅದನ್ನು ಕೊಡಲೇಬೇಕು. ಜಮೀನು ಮಾರಿದ ದುಡ್ಡು ಅಲ್ಲಿ ಹೂಡಿಕೆಯ ಭಾಗದಲ್ಲಿ ಬರುತ್ತದೆ, ದಿನನಿತ್ಯದ ವ್ಯವಹಾರದ ಭಾಗದಲ್ಲಿ ಬರುವುದಿಲ್ಲ. ಲಾಭ 96 ಕೋಟಿ, ವ್ಯವಹಾರದಿಂದ ಕೈಗೆ ಬಂದದ್ದು 25 ಕೋಟಿ ಅಂತ ಕಂಡರೆ ಎಲ್ಲೋ ಏನೋ ಇದೆ. ಇನ್ನೊಂದು ಗುರುತು ತೆರಿಗೆ. ತೆರಿಗೆಗೆ ಮುಂಚಿನ ಲಾಭಕ್ಕಿಂತ ತೆರಿಗೆ ಕಳೆದ ಲಾಭವೇ ಜಾಸ್ತಿ ಇದ್ದರೆ, ಹಳೆ ತೆರಿಗೆಯ ಲೆಕ್ಕ ಏನೋ ವಾಪಸ್ ಬಂದಿದೆ ಅಂತ. ಅದೂ ಒಂದು ಸಲದ ಲಾಭವೇ.

ಆ ಮಿಲ್ಲಿನ ಮೂರನೇ ಕ್ವಾರ್ಟರ್ ಒಂದು ವರ್ಷ ಮಾತ್ರ ಲೆಕ್ಕದಲ್ಲಿರುತ್ತದೆ. ಹೊಸ ಕ್ವಾರ್ಟರ್ ಬಂದು ಅದು ಹೊರಬಿದ್ದ ದಿನ, ಷೇರಿನ ಬೆಲೆ ಅಲ್ಲಾಡದೆ ಇದ್ದರೂ ಆ್ಯಪ್‌ನಲ್ಲಿ ಪಿಇ 5 ಇದ್ದದ್ದು 20ಕ್ಕೆ ನೆಗೆಯುತ್ತದೆ.

ಜಮೀನು ಮಾರಿದ್ದನ್ನು ಹಿಡಿಯುವುದು ಸುಲಭ, ಯಾಕಂದ್ರೆ ಅದು ಬರೆದಿರುತ್ತದೆ. ಕಷ್ಟ ಇರುವುದು ಉಕ್ಕು, ಸಕ್ಕರೆ, ಸಿಮೆಂಟ್‌ನಂಥ ಏರಿಳಿತದ ಧಂದೆಗಳಲ್ಲಿ. ಅಲ್ಲಿ ಲಾಭ ಪೂರ್ತಿ ಅಸಲಿ ವ್ಯವಹಾರದ್ದೇ. ಎಕ್ಸೆಪ್ಷನಲ್ ಸಾಲಿನಲ್ಲಿ ಏನೂ ಇರುವುದಿಲ್ಲ, ಕ್ಯಾಶ್ ಫ್ಲೋ ಕೂಡ ಸರಿ ಇರುತ್ತದೆ. ಆದರೂ ಪಿಇ ಯಾಮಾರಿಸುತ್ತದೆ.

ಟಾಟಾ ಸ್ಟೀಲ್ ನೋಡಿ. 2021-22ರಲ್ಲಿ ಉಕ್ಕಿನ ಬೆಲೆ ಆಕಾಶದಲ್ಲಿತ್ತು. ಆ ವರ್ಷ ಇಡೀ ಸಮೂಹದ ಲಾಭ 41 ಸಾವಿರ ಕೋಟಿಗೂ ಮೇಲೆ. 2022ರ ಮಾರ್ಚ್ ಕೊನೆಗೆ ಷೇರಿನ ಬೆಲೆ, ಆಮೇಲೆ ಒಂದು ಹತ್ತಾಗಿ ಒಡೆದದ್ದನ್ನು ಸರಿಹೊಂದಿಸಿದರೆ, ಸುಮಾರು 130. ಇಪಿಎಸ್ ಸುಮಾರು 33. ಪಿಇ 4. ಅದೇ ಮೇ ತಿಂಗಳಲ್ಲಿ ಸರ್ಕಾರ ಉಕ್ಕಿನ ರಫ್ತಿಗೆ ಶೇ 15 ಸುಂಕ ಹಾಕಿತು. ಉಕ್ಕಿನ ಬೆಲೆಯೂ ಇಳಿಯಿತು. 2022-23ರ ಲಾಭ ಸುಮಾರು 8 ಸಾವಿರ ಕೋಟಿಗೆ ಬಂತು. 2023ರ ಮಾರ್ಚ್ ಕೊನೆಗೆ ಷೇರು 105ರ ಹತ್ತಿರ, ಇಪಿಎಸ್ ಸುಮಾರು 7, ಪಿಇ 14ರ ಮೇಲೆ. ಷೇರು ಅಗ್ಗವಾಗಿ ಸಿಗುತ್ತಿದೆ, ಆದರೆ ಪಿಇ ಮೂರೂವರೆ ಪಟ್ಟು ದುಬಾರಿ ಅನ್ನುತ್ತಿದೆ. ಅದರ ಮುಂದಿನ ವರ್ಷ ಸಮೂಹ ನಷ್ಟಕ್ಕೆ ಬಿತ್ತು. ನಷ್ಟ ಇದ್ದರೆ ಪಿಇಯೇ ಇಲ್ಲ. ಆದರೆ 2024ರ ಮಾರ್ಚ್‌ನಲ್ಲಿ ಷೇರು 150ರ ಮೇಲಿತ್ತು!

ಇಂಥ ಧಂದೆಗಳಲ್ಲಿ ಪಿಇ ತೀರಾ ಕಡಿಮೆ ಇರುವುದು ಲಾಭ ಶಿಖರದಲ್ಲಿದ್ದಾಗ. ಲಾಭ ಹೀಗೇ ಇರಲ್ಲ ಅಂತ ಮಾರುಕಟ್ಟೆಗೆ ಅನ್ನಿಸಿರುತ್ತದೆ, ಅದಕ್ಕೇ ಜಾಸ್ತಿ ಬೆಲೆ ಕೊಡುವುದಿಲ್ಲ. ಪಿಇ ವಿಪರೀತ ಇರುವುದು ಲಾಭ ತಳ ಕಂಡಾಗ. ಕಡಿಮೆ ಪಿಇಗೆ ಕೊಂಡು ಜಾಸ್ತಿ ಪಿಇಗೆ ಮಾರುತ್ತೇನೆ ಅಂತ ಹೊರಟವರು ಇಲ್ಲಿ ಮೇಲೆ ಕೊಂಡು ಕೆಳಗೆ ಮಾರುತ್ತಾರೆ.

ಹಾಗಾಗಿ ನಾನು ಒಂದೇ ವರ್ಷದ ಲಾಭ ಹಿಡಿಯುವುದಿಲ್ಲ. ವಾರ್ಷಿಕ ವರದಿಗಳಿಂದ ಎಂಟು ಹತ್ತು ವರ್ಷದ ನಿವ್ವಳ ಲಾಭವನ್ನು ಎಕ್ಸೆಲ್‌ನಲ್ಲಿ ಇಳಿಸಿ, ನಷ್ಟದ ವರ್ಷಗಳನ್ನೂ ಸೇರಿಸಿಯೇ ಸರಾಸರಿ ತೆಗೆಯುತ್ತೇನೆ. ನಷ್ಟದ ವರ್ಷ ಬಿಟ್ಟರೆ ಸರಾಸರಿಗೆ ಅರ್ಥವಿಲ್ಲ. ಟಾಟಾ ಸ್ಟೀಲ್ ಸಮೂಹ 2014-15ರಲ್ಲೂ 2016-17ರಲ್ಲೂ ನಷ್ಟ ತೋರಿಸಿತ್ತು. ಮೇಲಿನ ಮೂರು ವರ್ಷಗಳನ್ನಷ್ಟೇ ಕೂಡಿಸಿ ಭಾಗಿಸಿದರೂ ವರ್ಷಕ್ಕೆ ಸುಮಾರು 15 ಸಾವಿರ ಕೋಟಿ ಬರುತ್ತದೆ. 2022ರ ಮಾರ್ಚ್‌ನಲ್ಲಿ ಇಡೀ ಕಂಪನಿಯ ಮಾರುಕಟ್ಟೆ ಬೆಲೆ ಸುಮಾರು 1.6 ಲಕ್ಷ ಕೋಟಿ. ಭಾಗಿಸಿದರೆ 10ರ ಮೇಲೆ. ಆ್ಯಪ್‌ನ 4ಕ್ಕಿಂತ ಇದು ನಂಬಬಹುದಾದ ಅಂಕಿ. ಈ ಲೆಕ್ಕಕ್ಕೂ ಮಿತಿ ಇದೆ. ನಡುವೆ ಕಂಪನಿ ಹೊಸ ಕಾರ್ಖಾನೆ ಹಾಕಿ ಎರಡು ಪಟ್ಟು ದೊಡ್ಡದಾಗಿದ್ದರೆ ಹಳೆ ವರ್ಷಗಳ ಲಾಭ ಇಂದಿಗೆ ಹೊಂದುವುದಿಲ್ಲ. ಆಗ ನೂರು ರೂಪಾಯಿ ಮಾರಾಟಕ್ಕೆ ಸರಾಸರಿ ಎಷ್ಟು ಲಾಭ ಉಳಿದಿದೆ ಅಂತ ತೆಗೆದು, ಅದನ್ನು ಈಗಿನ ಮಾರಾಟಕ್ಕೆ ಹಚ್ಚುತ್ತೇನೆ.

ಇಡೀ ಮಾರುಕಟ್ಟೆಯ ಪಿಇ ನೋಡುವವರಿಗೂ ಇದೇ ಕಾಟ. ಕೊರೊನಾ ಸಮಯದಲ್ಲಿ ಕಂಪನಿಗಳ ಲಾಭ ಕುಸಿದು ಎನ್‌ಎಸ್‌ಇಯ ಸೂಚ್ಯಂಕ ನಿಫ್ಟಿಯ ಪಿಇ 40 ಮುಟ್ಟಿತ್ತು. 2021ರ ಮಾರ್ಚ್ ಕೊನೆಗೆ ಅದು ಒಂದೇ ದಿನದಲ್ಲಿ 33ರ ಸುತ್ತ ಇಳಿಯಿತು. ಷೇರುಪೇಟೆ ಬಿದ್ದಿರಲಿಲ್ಲ. ಅಲ್ಲಿಯವರೆಗೆ ಎನ್‌ಎಸ್‌ಇ ಪ್ರತಿ ಕಂಪನಿಯ ಸ್ವಂತ ಲಾಭ, ಅಂದರೆ ಸ್ಟ್ಯಾಂಡಲೋನ್ ಲಾಭ ಹಿಡಿಯುತ್ತಿತ್ತು. ಆಗಿನಿಂದ ಅಂಗಸಂಸ್ಥೆಗಳನ್ನೂ ಸೇರಿಸಿದ ಕನ್ಸಾಲಿಡೇಟೆಡ್ ಲಾಭ ಹಿಡಿಯತೊಡಗಿತು. ಅದಕ್ಕೆ ಮುಂಚಿನ ಪಿಇಯನ್ನೂ ಈಗಿನದನ್ನೂ ಒಂದೇ ಗ್ರಾಫಿನಲ್ಲಿ ಎಳೆದು, ಪೇಟೆ ಈಗ ಅಗ್ಗ ಅಂತ ತೋರಿಸುವವರು ಇವತ್ತಿಗೂ ಇದ್ದಾರೆ. ಆ್ಯಪ್‌ಗಳಲ್ಲೂ ಕೆಲವು ಒಂದನ್ನು, ಕೆಲವು ಇನ್ನೊಂದನ್ನು ತೋರಿಸುತ್ತವೆ. ಎರಡು ಆ್ಯಪ್‌ನಲ್ಲಿ ಒಂದೇ ಷೇರಿಗೆ ಎರಡು ಪಿಇ ಕಂಡರೆ ನಾನು ಮೊದಲು ನೋಡುವುದು ಇದನ್ನೇ. ಕೆಳಗೆ ಅಂಗಸಂಸ್ಥೆಗಳಿರುವ ಕಂಪನಿಯಾದರೆ ಕನ್ಸಾಲಿಡೇಟೆಡ್ ಪಿಡಿಎಫ್ ಮಾತ್ರ ತೆಗೆಯುತ್ತೇನೆ. ಅದರಲ್ಲೂ ಒಟ್ಟು ಲಾಭದ ಸಾಲು ಬಿಟ್ಟು, ಅದರ ಕೆಳಗೆ ಮೂಲ ಕಂಪನಿಯ ಷೇರುದಾರರ ಪಾಲು ಅಂತ ಬೇರೆ ತೋರಿಸಿದ ಸಾಲನ್ನು ಬರೆದುಕೊಳ್ಳುತ್ತೇನೆ.