ಟಾನಿಕ್ ಡಬ್ಬಿಯ ಮೇಲಿನ ‘ನಾಗ’ ಅಂದರೆ ಏನು? ಲೇಬಲ್ ಓದುವುದು ಹೀಗೆ

ಕಳೆದ ವರ್ಷ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ನಮ್ಮ ಮಾವನಿಗೆ ಹೊಟ್ಟೆನೋವು ಶುರುವಾಯಿತು. ಶಿರಸಿ ಪೇಟೆಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಅವರ ತೋಟ. ವಯಸ್ಸು 61. ಹೊಟ್ಟೆ ಹಿಂಡಿದ ಹಾಗೆ ನೋವು, ಮಲಬದ್ಧತೆ, ಗುಡ್ಡ ಹತ್ತಿದರೆ ಸುಸ್ತು. ಗ್ಯಾಸ್ಟ್ರಿಕ್ ಮಾತ್ರೆ ತಗೊಂಡರು. ಸ್ಕ್ಯಾನ್ ಮಾಡಿಸಿದರು, ಏನೂ ಸಿಗಲಿಲ್ಲ. ಹಿಮೋಗ್ಲೋಬಿನ್ 8.6ಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆ ಕೊಟ್ಟರೂ ಏರಲಿಲ್ಲ. ಕೊನೆಗೆ ಲ್ಯಾಬಿನ ಹುಡುಗನೊಬ್ಬ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೆಂಪು ರಕ್ತಕಣಗಳಲ್ಲಿ ನೀಲಿ ಚುಕ್ಕಿಗಳಿವೆ ಎಂದು ಡಾಕ್ಟರಿಗೆ ತಿಳಿಸಿದ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: “ಮನೆಯಲ್ಲಿ ಬೇರೆ ಯಾವುದಾದರೂ ಔಷಧ ತಗೊಳ್ತಾ ಇದ್ದೀರಾ?”

ತಗೊಳ್ತಾ ಇದ್ದರು. ಸಕ್ಕರೆ ಕಾಯಿಲೆಗೂ ಶಕ್ತಿಗೂ ಒಳ್ಳೆಯದು ಅಂತ ಪರಿಚಯದವರೊಬ್ಬರು ತಂದುಕೊಟ್ಟ ಮಾತ್ರೆ. ದಿನಕ್ಕೆ ಎರಡು, ಐದು ತಿಂಗಳಿಂದ. ರಕ್ತದ ಸ್ಯಾಂಪಲ್ ಬೇರೆ ಊರಿಗೆ ಹೋಗಿ ರಿಪೋರ್ಟ್ ಬಂತು. ಒಂದು ಡೆಸಿಲೀಟರ್ ರಕ್ತದಲ್ಲಿ 62 ಮೈಕ್ರೋಗ್ರಾಂ ಸೀಸ. 5 ಮೈಕ್ರೋಗ್ರಾಂ ಮುಟ್ಟಿದರೇ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಾನು ವರ್ಷಗಟ್ಟಲೆ ಔಷಧ ಅಂಗಡಿಯಲ್ಲಿ ಕೂತವನು. ಆ ಡಬ್ಬಿ ತರಿಸಿ ಓದಿದೆ. ಯಾರೂ ಏನೂ ಮುಚ್ಚಿಟ್ಟಿರಲಿಲ್ಲ. ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಪಟ್ಟಿಯ ಐದನೇ ಸಾಲಿನಲ್ಲಿ ಬರೆದೇ ಇತ್ತು: ಪ್ರತಿ ಮಾತ್ರೆಯಲ್ಲಿ ನಾಗ ಭಸ್ಮ 10 ಮಿಲಿಗ್ರಾಂ. ಅತ್ತೆ ಅದನ್ನು ನಾಗಕೇಸರದ ಹಾಗೆ ಏನೋ ಒಂದು ಗಿಡ ಅಂದುಕೊಂಡಿದ್ದರು. ಅವರ ತಪ್ಪಲ್ಲ, ಹೆಸರು ಹಾಗಿದೆ. ನಾಗಕೇಸರ ನಿಜಕ್ಕೂ ಒಂದು ಮರದ ಹೂವಿನ ಕೇಸರ. ಆದರೆ ‘ನಾಗ’ ಎಂದಷ್ಟೇ ಇದ್ದು ಮುಂದೆ ಭಸ್ಮ ಎಂದು ಬಂದರೆ ಅದು ಸೀಸ.

ಮೊದಲು: ಪಟ್ಟಿಯಲ್ಲಿ ಲೋಹದ ಹೆಸರು ಹುಡುಕಿ

ಡಬ್ಬಿಯ ಮುಂಭಾಗದಲ್ಲಿ ‘ಹರ್ಬಲ್’, ‘ನೂರಕ್ಕೆ ನೂರು ನೈಸರ್ಗಿಕ’ ಎಂದು ಇರುತ್ತದೆ. ಅದನ್ನು ಬಿಟ್ಟುಬಿಡಿ, ಡಬ್ಬಿ ತಿರುಗಿಸಿ. ಸೀಸವೂ ಪಾದರಸವೂ ಭೂಮಿಯಿಂದಲೇ ಬರುವುದು ಅಲ್ವಾ? ನಮಗೆ ಬೇಕಾದದ್ದು ‘ಪ್ರತಿ ಮಾತ್ರೆಯಲ್ಲಿ’ ಅಥವಾ ‘ಪ್ರತಿ 5 ಮಿಲಿಯಲ್ಲಿ’ ಎಂದು ಶುರುವಾಗುವ ಪಟ್ಟಿ. ಆಯುರ್ವೇದ ಔಷಧದ ಲೇಬಲ್ ಮೇಲೆ ಏನೇನು ಹಾಕಿದ್ದಾರೆ ಎಂಬ ನಿಜವಾದ ಪಟ್ಟಿ ಇರಲೇಬೇಕು. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದ ದಿನಾಂಕ, ತಯಾರಕರ ವಿಳಾಸವೂ ಇರಬೇಕು. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ನಿಯಮ 161 ಅದನ್ನೇ ಹೇಳುತ್ತದೆ. ಪಟ್ಟಿಯೇ ಇಲ್ಲದ ಡಬ್ಬಿ, ಜಾತ್ರೆಯಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಶಕ್ತಿಪುಡಿ, ಇವನ್ನು ಓದುವುದಕ್ಕೆ ದಾರಿಯೇ ಇಲ್ಲ. ಹಾಗಾಗಿ ತಗೊಳ್ಳಬೇಡಿ.

ಪಟ್ಟಿಯಲ್ಲಿ ಮೂರು ಲೋಹಗಳನ್ನು ಮುಖ್ಯವಾಗಿ ಹುಡುಕಬೇಕು. ಸೀಸಕ್ಕೆ ನಾಗ ಅಥವಾ ಸೀಸ ಎಂಬ ಹೆಸರು. ಸಿಂದೂರ ಎಂದಷ್ಟೇ ಇದ್ದರೆ ಅದೂ ಸೀಸದ ಕೆಂಪು ಪುಡಿ. ಪಾದರಸಕ್ಕೆ ಪಾರದ, ಕಜ್ಜಲಿ, ರಸಸಿಂದೂರ, ಮಕರಧ್ವಜ, ಹಿಂಗುಲ ಎಂಬ ಹೆಸರುಗಳು. ಹಿಂಗುಲವನ್ನು ನಾವು ಇಂಗಳೀಕ ಅನ್ನುತ್ತೇವೆ. ಆರ್ಸೆನಿಕ್‌ಗೆ ಹರಿತಾಳ, ಮನಃಶಿಲಾ, ಗೌರೀಪಾಷಾಣ. ಮದ್ದಿನ ಹೆಸರಿನ ಕೊನೆಯಲ್ಲಿ ‘ರಸ’ ಎಂದಿದ್ದರೆ ಪಟ್ಟಿಯನ್ನು ಎರಡು ಸಲ ಓದಿ. ಅಂಥವುಗಳಲ್ಲಿ ಪಾದರಸ ಇರುವುದು ಸಾಮಾನ್ಯ. ನೆಲ್ಲಿಕಾಯಿ ಸ್ವರಸ ಅಂದಾಗ ಮಾತ್ರ ಅದು ಹಿಂಡಿದ ರಸ.

ಇಲ್ಲಿ ಒಂದು ಪದ ತುಂಬಾ ಜನರ ದಾರಿ ತಪ್ಪಿಸುತ್ತದೆ: ‘ಶುದ್ಧ’. ಶುದ್ಧ ಪಾರದ ಅಂದರೆ ಪಾದರಸ ತೆಗೆದುಹಾಕಿದ್ದಾರೆ ಅಂತ ಅಲ್ಲ. ಶಾಸ್ತ್ರದಲ್ಲಿ ಹೇಳಿದ ಶೋಧನೆ ಮಾಡಿದ್ದಾರೆ ಅಂತ ಅಷ್ಟೇ. ಭಸ್ಮವೂ ಹಾಗೆಯೇ. ಎಷ್ಟು ಪುಟ ಕೊಟ್ಟು ಸುಟ್ಟರೂ ಸೀಸ ಸೀಸವೇ. ಗಂಧಕದ ಜೊತೆಗೋ ಆಮ್ಲಜನಕದ ಜೊತೆಗೋ ಸೇರಿ ರೂಪ ಬದಲಾಗುತ್ತದೆ, ಕರಗುವ ಗುಣ ಬದಲಾಗುತ್ತದೆ. ಗಂಧಕದ ಜೊತೆ ಸೇರಿದ ಪಾದರಸ ಉಳಿದ ರೂಪಗಳಿಗಿಂತ ಮೈಗೆ ಕಡಿಮೆ ಹತ್ತುತ್ತದೆ ಎಂದು ವೈದ್ಯರು ಹೇಳುವುದರಲ್ಲಿ ನಿಜ ಇದೆ. ಆದರೆ ಕಡಿಮೆ ಅಂದರೆ ಸೊನ್ನೆ ಅಲ್ಲ. ತಯಾರಿಕೆ ಸರಿಯಾಗದಿದ್ದರೆ ಎಷ್ಟು ಹತ್ತುತ್ತದೆ ಎಂದು ಡಬ್ಬಿ ನೋಡಿ ಹೇಳಲು ಆಗುವುದಿಲ್ಲ. ಭಸ್ಮ ನೀರಿನ ಮೇಲೆ ತೇಲುತ್ತದೆ, ಬೆರಳಿನ ಗೆರೆಯೊಳಗೆ ಕೂರುತ್ತದೆ ಎಂಬ ಹಳೆಯ ಪರೀಕ್ಷೆಗಳು ಪುಡಿ ಎಷ್ಟು ನಯವಾಗಿದೆ ಎಂದು ತೋರಿಸುತ್ತವೆ. ಅದರಲ್ಲಿ ಸೀಸ ಎಷ್ಟಿದೆ ಎಂದು ತೋರಿಸುವುದಿಲ್ಲ.

ಇನ್ನೊಂದು ಸಾಲು ನೋಡಿ. ಹೊಟ್ಟೆಗೆ ತಗೊಳ್ಳುವ ಔಷಧದಲ್ಲಿ ಪಾರದ, ಹಿಂಗುಲ, ಹರಿತಾಳದಂಥ ವಿಷದ್ರವ್ಯ ಇದ್ದರೆ, ‘ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕು’ ಎಂಬ ಅರ್ಥದ ಎಚ್ಚರಿಕೆ ಹಾಕುವುದು ಕಡ್ಡಾಯ. ಆದರೆ ನಿಯಮ ಕೇಳುವುದು ಅದನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹಾಕಿ ಎಂದು. ಕನ್ನಡ ಮಾತ್ರ ಓದುವ ನಮ್ಮ ಮನೆಯ ಹಿರಿಯರಿಗೆ ಅದು ತಲುಪುವುದೇ ಇಲ್ಲ. ಮನೆಯಲ್ಲಿ ಓದಬಲ್ಲವರು ಓದಿ ಹೇಳಬೇಕು. ಆ ಸಾಲು ಇಲ್ಲದಿದ್ದರೂ ಪಟ್ಟಿಯನ್ನು ಓದದೆ ಬಿಡಬೇಡಿ.

ಆಮೇಲೆ: ದಿನಕ್ಕೆ ಎಷ್ಟು ಎಂದು ಗುಣಿಸಿ

ಮಾವನ ಮಾತ್ರೆಯನ್ನೇ ಲೆಕ್ಕ ಹಾಕೋಣ. ಒಂದರಲ್ಲಿ ನಾಗ ಭಸ್ಮ 10 ಮಿಲಿಗ್ರಾಂ. ದಿನಕ್ಕೆ ಎರಡು ಅಂದರೆ 20. ಭಸ್ಮದ ತೂಕದಲ್ಲಿ ನೂರಕ್ಕೆ ಎಂಬತ್ತು ಪಾಲು ಸೀಸ ಎಂದು ಹಿಡಿದರೂ 16 ಮಿಲಿಗ್ರಾಂ, ಅಂದರೆ 16,000 ಮೈಕ್ರೋಗ್ರಾಂ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಆಹಾರದ ಸೀಸಕ್ಕೆ ಒಂದು ಅಳತೆ ಇಟ್ಟುಕೊಂಡಿದೆ: ಮಕ್ಕಳಿಗೆ ದಿನಕ್ಕೆ 2.2 ಮೈಕ್ರೋಗ್ರಾಂ, ಹೆರುವ ವಯಸ್ಸಿನ ಹೆಂಗಸರಿಗೆ 8.8. ಭಸ್ಮದ ಸೀಸ ಅಷ್ಟು ಸುಲಭವಾಗಿ ಕರಗುವುದಿಲ್ಲ ಎಂದು ಒಪ್ಪಿಕೊಂಡು, ನೂರರಲ್ಲಿ ಒಂದೇ ಪಾಲು ಮೈಗೆ ಹತ್ತಿತು ಎನ್ನಿ. ಆಗಲೂ ದಿನಕ್ಕೆ 160 ಮೈಕ್ರೋಗ್ರಾಂ ರಕ್ತಕ್ಕೆ ಸೇರಿತು. ಅದೂ ಐದು ತಿಂಗಳು. ಖಾಲಿ ಹೊಟ್ಟೆಯಲ್ಲಿ ತಗೊಂಡರೆ, ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದರೆ, ಇನ್ನೂ ಜಾಸ್ತಿ ಹತ್ತುತ್ತದೆ. ಮಾವ ಬೆಳಿಗ್ಗೆ ಎದ್ದು ಬಿಸಿನೀರಿನ ಜೊತೆ ತಗೊಳ್ಳುತ್ತಿದ್ದರು.

ಅದಕ್ಕೇ ನಾನು ಹೇಳುವುದು, ಸೀಸ, ಪಾದರಸ, ಆರ್ಸೆನಿಕ್ ಪಟ್ಟಿಯಲ್ಲೇ ಇದ್ದರೆ ಟಾನಿಕ್ ಎಂದು ತಗೊಳ್ಳಬೇಡಿ. ಗರ್ಭಿಣಿಯರು, ಹಾಲೂಡಿಸುವವರು ಮತ್ತು ಮಕ್ಕಳಿಗೆ ಅಂತೂ ಬೇಡವೇ ಬೇಡ.

ಪಟ್ಟಿಯಲ್ಲಿ ಬರೀ ಗಿಡಮೂಲಿಕೆ ಇದ್ದರೆ

ಅಶ್ವಗಂಧ, ಶತಾವರಿ, ಅಮೃತಬಳ್ಳಿ ಮಾತ್ರ ಇರುವ ಪುಡಿಯಲ್ಲೂ ಸ್ವಲ್ಪ ಲೋಹ ಇರಬಹುದು. ಗಿಡ ಬೆಳೆದ ಮಣ್ಣಿನಿಂದ ಬರುತ್ತದೆ, ರಸ್ತೆ ಬದಿಯ ಧೂಳಿನಿಂದ ಬರುತ್ತದೆ, ಅರೆಯುವ ಯಂತ್ರದಿಂದ ಬರುತ್ತದೆ. ಅಮೆರಿಕದಲ್ಲಿ ಇಂಟರ್ನೆಟ್ ಮೂಲಕ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಲೋಹ, ಖನಿಜ ಬೆರೆಸಿ ಮಾಡುವ ರಸೌಷಧಿಗಳಲ್ಲಿ ನೂರಕ್ಕೆ 40ರಷ್ಟು, ಉಳಿದವುಗಳಲ್ಲಿ ನೂರಕ್ಕೆ 17ರಷ್ಟು. ಅಂದರೆ ಬರೀ ಮೂಲಿಕೆಯದ್ದಕ್ಕೂ ಪರೀಕ್ಷೆ ಬೇಕು.

ನಮ್ಮ ದೇಶದಲ್ಲಿ ಗಿಡಮೂಲಿಕೆ ಔಷಧಕ್ಕೆ ಮಿತಿ ಇದೆ: ಸೀಸ 10 ಪಿಪಿಎಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಒಂದು ಪಿಪಿಎಂ ಎಂದರೆ ಒಂದು ಗ್ರಾಂ ಪುಡಿಯಲ್ಲಿ ಒಂದು ಮೈಕ್ರೋಗ್ರಾಂ. ಭಸ್ಮವನ್ನೇ ಬೆರೆಸಿದ ಮಾತ್ರೆ ಈ ಅಳತೆಗೆ ಸಿಗುವುದೇ ಇಲ್ಲ. ಆದ್ದರಿಂದ ಅಂಥ ಡಬ್ಬಿಯ ಮೇಲೆ ‘ಪರೀಕ್ಷಿಸಲಾಗಿದೆ’ ಎಂದಿದ್ದರೆ ಏನನ್ನು ಪರೀಕ್ಷಿಸಿದ್ದಾರೆ ಎಂದು ಕೇಳಬೇಕು.

ಮೂಲಿಕೆ ಪುಡಿ ಕೊಳ್ಳುವಾಗ ತಯಾರಕರಿಗೆ ಒಂದು ಇಮೇಲ್ ಬರೆಯಿರಿ. ಡಬ್ಬಿಯ ಬ್ಯಾಚ್ ನಂಬರ್ ಕೊಟ್ಟು, ಅದೇ ಬ್ಯಾಚಿನ ಹೆವಿ ಮೆಟಲ್ ರಿಪೋರ್ಟ್ ಕೇಳಿ. ಒಳ್ಳೆಯ ತಯಾರಕರು ಕಳಿಸುತ್ತಾರೆ. ರಿಪೋರ್ಟ್ ಬಂದ ಮೇಲೆ ಬ್ಯಾಚ್ ನಂಬರ್ ಹೊಂದುತ್ತದೆಯೇ ನೋಡಿ. ಎರಡು ವರ್ಷ ಹಿಂದಿನ ಬೇರೆ ಬ್ಯಾಚಿನ ಕಾಗದ ನಿಮ್ಮ ಕೈಯಲ್ಲಿರುವ ಡಬ್ಬಿಗೆ ಉತ್ತರ ಅಲ್ಲ. ನಾಲ್ಕು ಲೋಹಗಳಿಗೂ ಬೇರೆ ಬೇರೆ ಅಂಕಿ ಇರಬೇಕು. ‘ಸರಿಯಾಗಿದೆ’ ಎಂದಷ್ಟೇ ಬರೆದಿದ್ದರೆ ಸಾಲದು. ಬ್ಯಾಕ್ಟೀರಿಯಾ ಮತ್ತು ಬೂಷ್ಟಿನ ಪರೀಕ್ಷೆಯನ್ನು ಮಾತ್ರ ಕಳಿಸುವವರೂ ಇದ್ದಾರೆ. ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಸಂಸ್ಥೆ ಎನ್‌ಎಬಿಎಲ್. ಪರೀಕ್ಷೆ ಮಾಡಿದ ಲ್ಯಾಬಿಗೆ ಅದರ ಮಾನ್ಯತೆ ಇದ್ದರೆ ನಂಬಿಕೆ ಜಾಸ್ತಿ. ಜಿಎಂಪಿ ಎಂಬ ಮುದ್ರೆ ಕಾರ್ಖಾನೆಯ ವ್ಯವಸ್ಥೆಯ ಬಗ್ಗೆ ಹೇಳುತ್ತದೆ, ನಿಮ್ಮ ಡಬ್ಬಿಯ ಸೀಸದ ಬಗ್ಗೆ ಅಲ್ಲ.

ಇಲ್ಲೂ ಗುಣಿಸಬೇಕು. ಅಶ್ವಗಂಧ ಪುಡಿಯಲ್ಲಿ ಸೀಸ 9 ಪಿಪಿಎಂ ಎಂದು ಬಂದರೆ ಮಿತಿಯೊಳಗೇ ಇದೆ. ಆದರೆ ದಿನಕ್ಕೆ 6 ಗ್ರಾಂ ತಗೊಂಡರೆ 54 ಮೈಕ್ರೋಗ್ರಾಂ ಆಯಿತು. ಇನ್ನೊಂದು ಕಂಪನಿಯದ್ದು 0.5 ಪಿಪಿಎಂ ಆದರೆ 3 ಮೈಕ್ರೋಗ್ರಾಂ. ಎರಡೂ ಪಾಸಾದ ಪುಡಿಯೇ. ನಾನಾದರೆ ಎರಡನೆಯದನ್ನು ಕೊಳ್ಳುತ್ತೇನೆ.

ಈಗಾಗಲೇ ತಗೊಳ್ತಾ ಇದ್ದರೆ

ಲೋಹ ಇರುವ ಟಾನಿಕ್ ನಿಲ್ಲಿಸಿ, ಆದರೆ ಡಬ್ಬಿ ಎಸೆಯಬೇಡಿ. ಅದನ್ನು ಡಾಕ್ಟರಿಗೆ ತೋರಿಸಬೇಕು. ಸಕ್ಕರೆ, ಬಿಪಿಗೆ ಡಾಕ್ಟರ್ ಕೊಟ್ಟ ಮಾತ್ರೆಗಳನ್ನು ನಿಲ್ಲಿಸಬೇಡಿ. ಅದೇ ಭಸ್ಮವನ್ನು ಓದು ಮುಗಿಸಿದ ಆಯುರ್ವೇದ ವೈದ್ಯರೇ ಕೊಟ್ಟಿದ್ದರೆ ಅವರ ಬಳಿ ಹೋಗಿ ನೇರವಾಗಿ ಕೇಳಿ. ಹಿಂಡುವ ಹೊಟ್ಟೆನೋವು, ಮಲಬದ್ಧತೆ, ಕಾರಣ ಸಿಗದ ರಕ್ತಹೀನತೆ, ಈ ಮೂರೂ ಒಟ್ಟಿಗೆ ಇದ್ದರೆ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ನರದಿಂದ ತೆಗೆದ ರಕ್ತವೇ ಬೇಕು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳು ಸೇರಿ ಅಂಕಿ ಏರಬಹುದು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸೀಸದ ಅಂಕಿ ಬರುವುದಿಲ್ಲ, ಹೆಸರು ಹೇಳಿ ಕೇಳಬೇಕು.

ಮಾವನಿಗೆ ಸೀಸ ಹೊರಹಾಕುವ ಮಾತ್ರೆ ಕೊಟ್ಟರು. ಎರಡು ತಿಂಗಳಿಗೆ 62 ಇದ್ದದ್ದು 34ಕ್ಕೆ ಬಂತು, ಹೊಟ್ಟೆನೋವು ಹೋಯಿತು. ಆರು ತಿಂಗಳಿಗೆ 21. ಅದಕ್ಕಿಂತ ಬೇಗ ಇಳಿಯುತ್ತಿಲ್ಲ. ಮೂಳೆಯಲ್ಲಿ ಕೂತ ಸೀಸ ನಿಧಾನವಾಗಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಮುಂದಿನ ಪರೀಕ್ಷೆ ಬರುವ ತಿಂಗಳು ಇದೆ.